ಯೂಟ್ಯೂಬ್ ಚಾನೆಲಿನ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು?

ಯೂಟ್ಯೂಬ್ ಪುಟದಲ್ಲಿ ಒಂದು ವಿಡಿಯೊದ ವೀಕ್ಷಣೆ ಎಷ್ಟೆಂದು ನೋಡಿ ಪುಸ್ತಕದಲ್ಲಿ ಬರೆದುಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಅದೇ ಅಂಕಿಯನ್ನು ಒಂದು ಪ್ರೋಗ್ರಾಂ ಓದಿ ಬರೆದಿಟ್ಟರೆ ಮಾತ್ರ ಏಕೆ ತಪ್ಪಾಗಬೇಕು? ಎಲ್ಲರಿಗೂ ಕಾಣುವಂತೆ ಇಟ್ಟದ್ದನ್ನು ಓದಲು ಕಣ್ಣಾದರೇನು, ಯಂತ್ರವಾದರೇನು? ಈ ವಾದವನ್ನು ಪ್ರೋಗ್ರಾಂ ಬರೆಯುವವರ ಬಾಯಲ್ಲಿ ಆಗಾಗ ಕೇಳುತ್ತೇವೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅದು ಒಂದು ಪ್ರಶ್ನೆಗೆ ಉತ್ತರ ಕೊಡುವಾಗ ಉಳಿದ ಮೂರ್ನಾಲ್ಕನ್ನು ಮರೆಸಿಬಿಡುತ್ತದೆ. ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಕೂಡದು ಎಂಬುದು ಆ ಉಳಿದ ಪ್ರಶ್ನೆಗಳಲ್ಲೇ ಇತ್ಯರ್ಥವಾಗುತ್ತದೆ.

ಯೂಟ್ಯೂಬಿನ ಬಳಕೆಯ ಷರತ್ತು ಈ ವಿಷಯದಲ್ಲಿ ಗೊಂದಲಕ್ಕೆ ಎಡೆಗೊಡುವುದಿಲ್ಲ. ರೋಬಾಟ್, ಸ್ಕ್ರೇಪರ್ ಮುಂತಾದ ಸ್ವಯಂಚಾಲಿತ ಸಾಧನಗಳಿಂದ ಸೇವೆಯನ್ನು ಬಳಸಕೂಡದು ಎನ್ನುತ್ತದೆ. `robots.txt` ಕಡತದಲ್ಲಿರುವ ಸೂಚನೆಯನ್ನು ಪಾಲಿಸುವ ಸಾರ್ವಜನಿಕ ಹುಡುಕುತಾಣಗಳಿಗೂ, ಮೊದಲೇ ಲಿಖಿತ ಅನುಮತಿ ಪಡೆದವರಿಗೂ ಮಾತ್ರ ಅದರಲ್ಲಿ ವಿನಾಯಿತಿ. ಮಿಕ್ಕವರಿಗಾಗಿ ಇರುವುದು ಎಪಿಐ, ಅಂದರೆ ಪ್ರೋಗ್ರಾಮುಗಳು ಬಂದು ಕೇಳಲೆಂದೇ ಕಂಪನಿ ತೆರೆದಿರುವ ಅಧಿಕೃತ ಕಿಂಡಿ. ಅದಕ್ಕೆ ಬೇರೆಯೇ ನಿಯಮಾವಳಿ ಇದೆ. ಅಷ್ಟಾಗಿಯೂ ಕಿಂಡಿಯಿಂದ ಏನು ಸಿಗುತ್ತದೆ ಎಂಬುದೇ ಬೇರೆ, ಸಿಕ್ಕಿದ್ದನ್ನು ಏನು ಮಾಡಬಹುದು ಎಂಬುದೇ ಬೇರೆ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ಕರಾವಳಿಯ ಹವ್ಯಾಸಿ ಬಳಗವೊಂದು ತಾಳಮದ್ದಳೆಯ ಧ್ವನಿಮುದ್ರಣಗಳನ್ನು ವರ್ಷಗಳಿಂದ ಯೂಟ್ಯೂಬಿಗೆ ಏರಿಸುತ್ತ ಬಂದಿದೆ, ಚಾನೆಲಿನಲ್ಲಿ ಈಗ 1,200 ವಿಡಿಯೊಗಳಿವೆ ಎಂದು ಊಹಿಸಿಕೊಳ್ಳಿ. ನೋಡಿಕೊಳ್ಳುವವರು ಇಬ್ಬರು, ಇಬ್ಬರಿಗೂ ಬೇರೆ ಉದ್ಯೋಗವಿದೆ. ಅವರಿಗೆ ಯಂತ್ರದ ನೆರವು ಬೇಕಾಗಿರುವುದು ಹಲವು ಕೆಲಸಗಳಿಗೆ. ವಾರಕ್ಕೊಮ್ಮೆ ಎಲ್ಲ ವಿಡಿಯೊಗಳ ವೀಕ್ಷಣೆಯ ಪಟ್ಟಿ ಬೇಕು. ಉತ್ತರ ಕೊಡದೆ ಉಳಿದ ಕಮೆಂಟುಗಳು ಒಂದೆಡೆ ಸಿಗಬೇಕು. ತಾವೇ ಬರೆದು ಸೇರಿಸಿದ್ದ ಸಬ್‌ಟೈಟಲ್‌ಗಳ ಮೂಲ ಕಡತಗಳು ಹಳೆಯ ಕಂಪ್ಯೂಟರಿನ ಜೊತೆಗೇ ಹೋಗಿವೆ, ಅವು ಮರಳಿ ಬೇಕು. ಇಂಥದೇ ನಾಲ್ಕು ಚಾನೆಲುಗಳು ಹೇಗೆ ಬೆಳೆಯುತ್ತಿವೆ ಎಂಬ ವರ್ಷದ ಲೆಕ್ಕ ಬೇಕು. ಸಾಧ್ಯವಾದರೆ ಪ್ರತಿ ಕಮೆಂಟಿಗೂ ಒಂದು ಧನ್ಯವಾದ ತಾನಾಗಿಯೇ ಹೋಗಬೇಕು.

ನೋಡುವುದಕ್ಕೆ ಇವೆಲ್ಲ ಒಂದೇ ಜಾತಿಯ ಕೆಲಸಗಳು. ನಿಯಮದ ಕಣ್ಣಲ್ಲಿ ಯಾವ ಎರಡೂ ಒಂದೇ ಅಲ್ಲ.

ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಯಾರ ಮಾಹಿತಿ ಮತ್ತು ನನ್ನ ಕೈಯಲ್ಲಿ ಯಾರ ಅನುಮತಿ ಇದೆ ಎಂದು. ಯೂಟ್ಯೂಬ್ ಎಪಿಐಗೆ ಎರಡು ಬಗೆಯಲ್ಲಿ ಗುರುತು ಹೇಳಿಕೊಳ್ಳಬಹುದು. ಒಂದು, ಎಪಿಐ ಕೀ. ಅದು ಕೇಳುತ್ತಿರುವ ಪ್ರೋಗ್ರಾಂ ಯಾವುದೆಂದಷ್ಟೇ ತಿಳಿಸುತ್ತದೆ, ಹಾಗಾಗಿ ಸಾರ್ವಜನಿಕರಿಗೆ ಕಾಣುವುದಷ್ಟೇ ಅದಕ್ಕೂ ಸಿಗುತ್ತದೆ. ಇನ್ನೊಂದು, ಓಆತ್. ಇಲ್ಲಿ ಚಾನೆಲಿನ ಒಡೆಯರೇ ಲಾಗಿನ್ ಆಗಿ, ಈ ಪ್ರೋಗ್ರಾಂ ನನ್ನ ಪರವಾಗಿ ಇಂತಿಂಥದ್ದನ್ನು ಮಾಡಬಹುದು ಎಂದು ಒಪ್ಪಿಗೆ ಕೊಡುತ್ತಾರೆ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು.

ಸಬ್‌ಟೈಟಲ್ ವಿಷಯದಲ್ಲಿ ಈ ಎರಡರ ಅಂತರ ಎದ್ದು ಕಾಣುತ್ತದೆ. ಅವನ್ನು ಇಳಿಸಿಕೊಳ್ಳಲು `captions.download` ಎಂಬ ವಿಧಾನವಿದೆ. ಆದರೆ ಆ ವಿಡಿಯೊವನ್ನು ತಿದ್ದುವ ಹಕ್ಕಿರುವವರ ಒಪ್ಪಿಗೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಲ್ಲವಾದರೆ 403 ಎಂಬ ನಿರಾಕರಣೆ ಬರುತ್ತದೆ. ಬಳಗದವರು ತಮ್ಮವನ್ನು ಧಾರಾಳವಾಗಿ ಇಳಿಸಿಕೊಳ್ಳಬಹುದು, ಪಕ್ಕದ ಚಾನೆಲಿನವರದ್ದನ್ನು ಆಗದು. ಪಕ್ಕದವರ ಸಬ್‌ಟೈಟಲ್ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅದನ್ನು ಬರೆದವರು ಓದಲೆಂದು ತೋರಿಸಿದ್ದಾರೆಯೇ ಹೊರತು ಗಂಟು ಕಟ್ಟಿ ಒಯ್ಯಲೆಂದು ಇಟ್ಟಿಲ್ಲ.

ತಮ್ಮವೇ ಆದರೂ ಎಲ್ಲವನ್ನೂ ಒಂದೇ ದಿನ ಇಳಿಸಿಕೊಳ್ಳಲಾಗುವುದಿಲ್ಲ. ಪ್ರತಿ ಪ್ರಾಜೆಕ್ಟಿಗೆ ದಿನಕ್ಕೆ 10,000 ಯುನಿಟ್ಟುಗಳ ಕೋಟಾ ಸಾಮಾನ್ಯವಾಗಿ ಸಿಗುತ್ತದೆ. ಒಂದೊಂದು ಕೋರಿಕೆಗೆ ಒಂದೊಂದು ದರ. ದರಗಳು ಆಗಾಗ ಬದಲಾಗುವುದರಿಂದ ಕೆಲಸ ಶುರುಮಾಡುವಾಗ ಪಟ್ಟಿಯನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಆದರೂ ಲೆಕ್ಕ ಹಾಕುವ ರೀತಿ ಒಂದೇ. ವಿಡಿಯೊಗೆ ಯಾವ ಯಾವ ಸಬ್‌ಟೈಟಲ್ ಇದೆಯೆಂದು ಕೇಳಲು 50, ಇಳಿಸಿಕೊಳ್ಳಲು 200, ಒಟ್ಟು 250 ಯುನಿಟ್ಟು. ದಿನಕ್ಕೆ 40 ವಿಡಿಯೊ ಮುಗಿಯುವಷ್ಟರಲ್ಲಿ ಕೋಟಾ ಖಾಲಿ. 1,200ಕ್ಕೆ ಸರಿಯಾಗಿ 30 ದಿನ. ಬೇರೆ ಕೆಲಸಗಳಿಗೂ ಸ್ವಲ್ಪ ಉಳಿಸಿಕೊಂಡರೆ ಇನ್ನೂ ಕೆಲವು ದಿನ. ವರ್ಷಗಟ್ಟಲೆ ಮೂಲ ಕಡತವಿಲ್ಲದೆ ಕಳೆದವರಿಗೆ ಒಂದು ತಿಂಗಳು ದೊಡ್ಡದಲ್ಲ. ಆದರೆ ನಾಲ್ಕು ಪ್ರಾಜೆಕ್ಟು ಮಾಡಿ ನಾಲ್ಕರಷ್ಟು ಕೋಟಾ ಪಡೆದರೆ ವಾರದಲ್ಲಿ ಮುಗಿಯುತ್ತದಲ್ಲ ಎಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಒಂದೇ ಕೆಲಸಕ್ಕೆ ಹಲವು ಪ್ರಾಜೆಕ್ಟು ತೆರೆದು ಮಿತಿಯನ್ನು ದಾಟುವುದನ್ನು ನಿಯಮಾವಳಿ ಹೆಸರಿಟ್ಟೇ ನಿಷೇಧಿಸಿದೆ. ಹೆಚ್ಚು ಬೇಕೆಂದರೆ ಅರ್ಜಿ ಹಾಕಬೇಕು, ಕಂಪನಿ ನಿಮ್ಮ ಬಳಕೆಯನ್ನು ಪರಿಶೀಲಿಸಿ ಕೊಡುತ್ತದೆ.

ವಾರದ ವೀಕ್ಷಣೆಯ ಪಟ್ಟಿ ಮಾಡುವಾಗ ಹೊಸಬರು ಮೊದಲು ಕೈಹಾಕುವುದು `search.list` ಗೆ. ಚಾನೆಲಿನ ವಿಡಿಯೊಗಳನ್ನು ಹುಡುಕಬೇಕು, ಆದ್ದರಿಂದ ಹುಡುಕಾಟದ ವಿಧಾನ ಎಂಬುದು ಅವರ ಸಹಜ ಎಣಿಕೆ. ಅದರ ದರ ಪ್ರತಿ ಪುಟಕ್ಕೆ 100 ಯುನಿಟ್ಟು, ಪುಟಕ್ಕೆ ಹೆಚ್ಚೆಂದರೆ 50 ವಿಡಿಯೊ. ಸಾಲದ್ದಕ್ಕೆ ಚಾನೆಲನ್ನು ಹೆಸರಿಸಿ ಹೀಗೆ ಹುಡುಕಿದಾಗ 500ರ ಆಚೆಗೆ ಫಲಿತಾಂಶ ಕೊಡುವುದೂ ಇಲ್ಲ. ಸರಿಯಾದ ದಾರಿ ಬೇರೆ ಇದೆ. ಪ್ರತಿ ಚಾನೆಲಿಗೂ ಅದು ಏರಿಸಿದ ಎಲ್ಲ ವಿಡಿಯೊಗಳ ಒಂದು ಪ್ಲೇಲಿಸ್ಟ್ ತಾನಾಗಿಯೇ ಇರುತ್ತದೆ. ಅದನ್ನು `playlistItems.list` ಮೂಲಕ ಪುಟಕ್ಕೆ 50ರಂತೆ ಓದಿದರೆ ಪುಟಕ್ಕೆ ಒಂದೇ ಯುನಿಟ್ಟು. 1,200 ವಿಡಿಯೊಗಳಿಗೆ 24. ಸಿಕ್ಕ ಗುರುತುಗಳನ್ನು ಐವತ್ತೈವತ್ತಾಗಿ `videos.list` ಗೆ ಕೊಟ್ಟರೆ ವೀಕ್ಷಣೆಯ ಅಂಕಿಗಳಿಗೆ ಇನ್ನೊಂದು 24. ಪ್ಲೇಲಿಸ್ಟಿನ ಗುರುತು ಕೇಳಿದ್ದಕ್ಕೆ ಒಂದು. ಒಟ್ಟು 49 ಯುನಿಟ್ಟಿನಲ್ಲಿ ವಾರದ ಕೆಲಸ ಮುಗಿಯಿತು. ಅಧಿಕೃತ ದಾರಿ ಬಲು ಇಕ್ಕಟ್ಟು ಎಂದು ಗೊಣಗಿ ಸ್ಕ್ರೇಪಿಂಗಿಗೆ ಹೊರಳಿದವರಲ್ಲಿ ಕೆಲವರಾದರೂ ಈ ಲೆಕ್ಕವನ್ನು ಮಾಡಿಯೇ ಇರುವುದಿಲ್ಲ ಎಂಬುದು ನನ್ನ ಗುಮಾನಿ.

ಎರಡನೆಯ ಪ್ರಶ್ನೆ, ಸಿಕ್ಕ ಮಾಹಿತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೇನೆ, ಅದರಿಂದ ಏನು ಮಾಡುತ್ತೇನೆ ಎಂಬುದು. ಪಕ್ಕದ ನಾಲ್ಕು ಚಾನೆಲುಗಳ ವರ್ಷದ ಲೆಕ್ಕ ಸಿಕ್ಕಿಬೀಳುವುದು ಇಲ್ಲಿ. ಅವರ ವೀಕ್ಷಣೆಯ ಅಂಕಿಗಳನ್ನು ಎಪಿಐ ಯಾವ ತಕರಾರೂ ಇಲ್ಲದೆ ಕೊಡುತ್ತದೆ. ಒಡೆಯರ ಒಪ್ಪಿಗೆಯಿಲ್ಲದೆ ಹೀಗೆ ಪಡೆದ ಮಾಹಿತಿಯನ್ನು 30 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದು, ಅಷ್ಟರೊಳಗೆ ಅಳಿಸಬೇಕು ಇಲ್ಲವೇ ಹೊಸದಾಗಿ ಪಡೆದದ್ದರಿಂದ ಬದಲಿಸಬೇಕು ಎನ್ನುತ್ತದೆ ಡೆವಲಪರ್ ನಿಯಮ. ಅಂದರೆ ಜನವರಿಯ ಅಂಕಿಯನ್ನು ಡಿಸೆಂಬರಿನವರೆಗೆ ಕಾದಿಟ್ಟು ರೇಖಾಚಿತ್ರ ಬಿಡಿಸುವಂತಿಲ್ಲ. ಪ್ರೋಗ್ರಾಂ ಓಡುತ್ತದೆ, ದೋಷದ ಸಂದೇಶ ಬರುವುದಿಲ್ಲ, ಆದರೂ ನಿಯಮ ಮುರಿದಿರುತ್ತದೆ. ವಿಧಾನ ಇದೆ ಎಂದಮಾತ್ರಕ್ಕೆ ಅನುಮತಿಯೂ ಇದೆ ಎಂದು ತಿಳಿಯುವುದು ತಪ್ಪು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ತಮ್ಮದೇ ಚಾನೆಲಿನ ವರ್ಷದ ಲೆಕ್ಕಕ್ಕೆ ಈ ತೊಡಕಿಲ್ಲ. ಒಡೆಯರ ಒಪ್ಪಿಗೆಯಿಂದ ತೆರೆಯುವ ಅನಾಲಿಟಿಕ್ಸ್ ಎಪಿಐಯಲ್ಲಿ ದಿನವಾರು ಅಂಕಿಗಳು ಹಿಂದಿನ ವರ್ಷಗಳದ್ದೂ ಇರುತ್ತವೆ. ನಾವಾಗಿ ಕೂಡಿಡುವ ಅಗತ್ಯವೇ ಬೀಳುವುದಿಲ್ಲ.

ಮೂವತ್ತು ದಿನದ ಈ ನಿಯಮ ನನಗೆ ಪೂರ್ತಿ ಒಪ್ಪಿತವೆಂದಲ್ಲ. ಸಾರ್ವಜನಿಕ ಅಂಕಿಯೊಂದರ ಇತಿಹಾಸವನ್ನು ಕಂಪನಿ ಮಾತ್ರ ಇಟ್ಟುಕೊಳ್ಳಬಹುದು, ನೋಡಿದವರು ಮರೆಯಬೇಕು ಎಂಬುದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಸೇರಿದೆ. ಆದರೆ ಬಳಗದ ಹತ್ತು ವರ್ಷದ ದುಡಿಮೆಯನ್ನು ಪಣಕ್ಕಿಟ್ಟು ಪರೀಕ್ಷಿಸಬೇಕಾದ ನಿಯಮ ಇದಲ್ಲ. ನಾಲ್ಕು ಚಾನೆಲಿನವರಿಗೆ ಫೋನು ಮಾಡಿ ನಿಮ್ಮ ಅಂಕಿ ಕೊಡಿ, ನಮ್ಮದೂ ಕೊಡುತ್ತೇವೆ ಎಂದರೆ ತಾಳಮದ್ದಳೆಯ ಪ್ರಪಂಚದಲ್ಲಿ ಇಲ್ಲವೆನ್ನುವವರು ಕಡಿಮೆ.

ಓದುವ ಕೆಲಸಗಳಿಗಿಂತ ಬರೆಯುವ ಕೆಲಸಗಳಲ್ಲಿ ಅಪಾಯ ಹೆಚ್ಚು. ಕಮೆಂಟುಗಳನ್ನು ಒಟ್ಟುಮಾಡುವುದು ಸಲೀಸು, ಇಡೀ ಚಾನೆಲಿನ ಕಮೆಂಟುಗಳನ್ನು `commentThreads.list` ಪುಟಕ್ಕೆ 100ರಂತೆ ಒಂದೊಂದೇ ಯುನಿಟ್ಟಿಗೆ ಕೊಡುತ್ತದೆ. ಉತ್ತರ ಹಾಕಲು `comments.insert` ಇದೆ, ದರ 50. ಲೆಕ್ಕದ ಪ್ರಕಾರ ದಿನಕ್ಕೆ 200 ಧನ್ಯವಾದ ಕಳಿಸಬಹುದು. ಆದರೆ ಒಂದೇ ಮಾತನ್ನು ಗುಂಪುಗುಂಪಾಗಿ ಹಾಕುವುದನ್ನು ಯೂಟ್ಯೂಬಿನ ಸ್ಪ್ಯಾಮ್ ನಿಯಮ ಸಹಿಸುವುದಿಲ್ಲ, ಕಳಿಸಿದವರು ಚಾನೆಲಿನ ಒಡೆಯರೇ ಆದರೂ. ಅದಕ್ಕಿಂತ ಮೊದಲು, ಅರ್ಥಧಾರಿಯೊಬ್ಬರು ತೀರಿಕೊಂಡ ಸುದ್ದಿಯನ್ನು ಯಾರೋ ಕಮೆಂಟಿನಲ್ಲಿ ತಿಳಿಸಿದಾಗ ಅದಕ್ಕೂ ಯಂತ್ರ ಧನ್ಯವಾದ ಹೇಳುವುದನ್ನು ಬಳಗ ಸಹಿಸೀತೆ? ಉತ್ತರಿಸದ ಪ್ರಶ್ನೆಗಳ ಪಟ್ಟಿಯನ್ನು ಯಂತ್ರ ಮಾಡಲಿ, ಉತ್ತರವನ್ನು ಮನುಷ್ಯರು ಬರೆಯಲಿ. ನಿಯಮವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ವಿಡಿಯೊಗಳನ್ನು ಯಂತ್ರದಿಂದ ಏರಿಸಹೊರಟವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ಜುಲೈ 28ರ ನಂತರ ಮಾಡಿದ, ಕಂಪನಿಯ ಪರಿಶೀಲನೆ ಮುಗಿಯದ ಪ್ರಾಜೆಕ್ಟಿನಿಂದ ಏರಿಸಿದ ವಿಡಿಯೊಗಳು ಖಾಸಗಿಯಾಗಿಯೇ ಉಳಿಯುತ್ತವೆ. ಏರಿಸಿದ ಪ್ರೋಗ್ರಾಮಿಗೆ ಯಶಸ್ಸಿನ ಉತ್ತರ ಬರುತ್ತದೆ, ಪ್ರೇಕ್ಷಕರಿಗೆ ಏನೂ ಕಾಣುವುದಿಲ್ಲ. ಇಬ್ಬರೇ ಇರುವ ಬಳಗಕ್ಕೆ ಕೈಯಾರೆ ಏರಿಸುವುದೇ ಮೇಲು.

ಇಷ್ಟೆಲ್ಲ ಸೋಸಿದ ಮೇಲೂ ಅಧಿಕೃತ ಕಿಂಡಿ ಇಲ್ಲ ಎನ್ನುವ ಕೆಲವು ಕೆಲಸಗಳು ಉಳಿಯುತ್ತವೆ. ಪಕ್ಕದವರ ಸಬ್‌ಟೈಟಲ್, ಕೋಟಾ ಮೀರಿದ ಹುಡುಕಾಟ, ವರ್ಷದ ಹೋಲಿಕೆ. ಸ್ಕ್ರೇಪಿಂಗಿನ ಆಮಿಷ ಹುಟ್ಟುವುದು ಈ ಹಂತದಲ್ಲಿ. ಬ್ರೌಸರಿಗೆ ಹೋಗುವ ಪುಟವನ್ನೇ ಪ್ರೋಗ್ರಾಂ ತರಿಸಿಕೊಂಡು, ಅದರೊಳಗೆ ಅಡಗಿರುವ ಮಾಹಿತಿಯನ್ನು ಹೆಕ್ಕಿಕೊಳ್ಳುವುದು. ಯೂಟ್ಯೂಬ್ ಪುಟದ ಒಡಲಲ್ಲಿ `ytInitialData` ಎಂಬ ದೊಡ್ಡ ಗಂಟಿದೆ, ಬಹುಪಾಲು ಸ್ಕ್ರೇಪರುಗಳು ಬಿಚ್ಚುವುದು ಅದನ್ನೇ.

ಅಪಾಯ ಎಂದೊಡನೆ ಜನರಿಗೆ ನೆನಪಾಗುವುದು ನೋಟಿಸು, ಕೋರ್ಟು. ನನ್ನ ಪ್ರಕಾರ ಮೊದಲ ಅಪಾಯ ಅದಲ್ಲ. ಮೊದಲ ಅಪಾಯ, ತಪ್ಪು ಅಂಕಿ ಸದ್ದಿಲ್ಲದೆ ಒಳಬರುವುದು. ಆ ಗಂಟು ಕಂಪನಿಯ ಪುಟಕ್ಕೆಂದು ಮಾಡಿದ್ದು, ನಿಮಗೆಂದಲ್ಲ. ಅದರ ಒಳಗಿನ ಜೋಡಣೆ ಯಾವ ದಿನ ಬೇಕಾದರೂ ಬದಲಾಗಬಹುದು, ತಿಳಿಸಬೇಕಾದ ಹೊಣೆ ಯಾರ ಮೇಲೂ ಇಲ್ಲ. ಚಾನೆಲಿನ ವಿಡಿಯೊ ಪಟ್ಟಿಯ ಪುಟದಲ್ಲಿ ವೀಕ್ಷಣೆ ಪೂರ್ತಿ ಅಂಕಿಯಾಗಿ ಇರುವುದಿಲ್ಲ, ದುಂಡಾಗಿಸಿದ ಪಠ್ಯವಾಗಿರುತ್ತದೆ. ಭಾರತದ ಓದುಗರಿಗೆ ಅದು 1.2 ಲಕ್ಷ ಎಂದೂ, ಅಮೆರಿಕದಲ್ಲಿರುವ ಸರ್ವರಿಗೆ 120ಕೆ ಎಂದೂ ಕಾಣಬಹುದು. ಅಂಕಿಯನ್ನಷ್ಟೇ ಹೆಕ್ಕುವಂತೆ ಬರೆದ ಪ್ರೋಗ್ರಾಂ 98 ಸಾವಿರವನ್ನು 98 ಎಂದೂ, ಮರುವಾರ ಲಕ್ಷ ದಾಟಿದಾಗ 1 ಎಂದೂ ಬರೆದುಕೊಳ್ಳುತ್ತದೆ. ಯುರೋಪಿನ ಸರ್ವರಿನಿಂದ ಕೇಳಿದರೆ ವಿಡಿಯೊದ ಬದಲು ಕುಕಿ ಒಪ್ಪಿಗೆಯ ಪುಟ ಬರಬಹುದು. ಬಾಡಿಗೆ ಸರ್ವರಿನ ವಿಳಾಸದಿಂದ ಪದೇ ಪದೇ ಕೇಳಿದರೆ, ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಲು ಲಾಗಿನ್ ಆಗಿ ಎಂಬ ಸೂಚನೆ ಬರುತ್ತದೆ. ಇಂಥ ಪುಟಗಳೂ ಎಲ್ಲ ಸರಿಯಿದೆ ಎಂಬ 200ರ ಸಂಕೇತವನ್ನೇ ಹೊತ್ತು ಬರಬಹುದು. ಎಪಿಐ ಸೋತರೆ `quotaExceeded` ಎಂದು ಕಾರಣವನ್ನು ಬರೆದು ಹೇಳಿ ಸೋಲುತ್ತದೆ. ಸ್ಕ್ರೇಪರ್ ಸೋತದ್ದು ಗೊತ್ತಾಗುವುದು ಯಾರಾದರೂ ಕೋಷ್ಟಕವನ್ನು ಕಣ್ಣಿಟ್ಟು ನೋಡಿದಾಗ ಮಾತ್ರ.

ಯಾರಾದರೂ ನಿಮಗೆ ಇಂಥ ಕೋಷ್ಟಕವನ್ನು ಮಾರಲು ಬಂದರೆ ಪರೀಕ್ಷಿಸುವುದು ಕಷ್ಟವಲ್ಲ. ಅಂಕಿಗಳೆಲ್ಲ ಸೊನ್ನೆಸೊನ್ನೆಯಲ್ಲಿ ಮುಗಿಯುತ್ತಿದ್ದರೆ ಅವು ಪಟ್ಟಿಯ ಪುಟದಿಂದ ಹೆಕ್ಕಿದ ದುಂಡು ಅಂಕಿಗಳು. ಒಂದು ವಿಡಿಯೊದ ಒಟ್ಟು ವೀಕ್ಷಣೆ ಹಿಂದಿನ ವಾರಕ್ಕಿಂತ ಬಹಳ ಇಳಿದಿದ್ದರೆ ಎಲ್ಲೋ ಓದುವುದರಲ್ಲಿ ತಪ್ಪಿದೆ. ನಕಲಿ ವೀಕ್ಷಣೆಗಳನ್ನು ಯೂಟ್ಯೂಬ್ ಆಗೀಗ ತೆಗೆಯುವುದುಂಟು, ಆದರೆ ಲಕ್ಷ ಇದ್ದದ್ದು ಒಂದಾಗುವುದಿಲ್ಲ. ಇನ್ನು ಬೇರೆಯವರ ವಿಡಿಯೊಗಳ ಡಿಸ್‌ಲೈಕ್ ಸಂಖ್ಯೆಯ ಕಾಲಂ ಏನಾದರೂ ಇದ್ದರೆ ಅದು ಅಂದಾಜು. 2021ರ ಡಿಸೆಂಬರಿನಿಂದ ಆ ಅಂಕಿ ಎಪಿಐಯಲ್ಲಿ ವಿಡಿಯೊದ ಒಡೆಯರಿಗೆ ಮಾತ್ರ ಸಿಗುತ್ತದೆ, ಪುಟದಲ್ಲೂ ಇಲ್ಲ. ಇಲ್ಲದ್ದನ್ನು ಯಾವ ಸ್ಕ್ರೇಪರೂ ಹೆಕ್ಕಲಾರದು.

ಎರಡನೆಯ ಅಪಾಯ ಖಾತೆಯದ್ದು. ಲಾಗಿನ್ ಆಗಿ ಎಂಬ ತಡೆ ಎದುರಾದಾಗ ಸ್ಕ್ರೇಪರ್ ಮಾಡಿಕೊಟ್ಟವರು ನಿಮ್ಮ ಬ್ರೌಸರಿನ ಕುಕಿ ಕಡತವನ್ನು ಕೇಳುತ್ತಾರೆ. ಅದನ್ನು ಕೊಟ್ಟರೆ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯ ಒಳಗೆ ಓಡಾಡಲು ಬಿಟ್ಟಂತೆ. ಓಆತ್‌ನಲ್ಲಿ ಇಂತಿಷ್ಟೇ ಎಂಬ ಮಿತಿ ಇರುತ್ತದೆ, ಕುಕಿಗೆ ಅದಿಲ್ಲ. ಅಲ್ಲಿಂದ ಮುಂದೆ ಆ ಯಂತ್ರ ಮಾಡುವ ಪ್ರತಿಯೊಂದು ಅತಿರೇಕವೂ ನಿಮ್ಮ ಹೆಸರಿಗೆ ಜಮೆಯಾಗುತ್ತದೆ. ಖಾತೆ ಅಮಾನತಾದರೆ ಹೋಗುವುದು ಕೋಷ್ಟಕವಲ್ಲ, 1,200 ಧ್ವನಿಮುದ್ರಣಗಳ ನೆಲೆ.

ಕಾನೂನಿನ ಮಾತಿಗೆ ಬಂದರೆ, ಸಾರ್ವಜನಿಕ ಪುಟವನ್ನು ಸ್ಕ್ರೇಪ್ ಮಾಡುವುದು ಕಾನೂನುಬದ್ಧವೆಂದು ಅಮೆರಿಕದ ಕೋರ್ಟೇ ಹೇಳಿದೆಯಲ್ಲ ಎನ್ನುವವರು ನೆಚ್ಚುವುದು ಹೈಕ್ಯೂ ಲ್ಯಾಬ್ಸ್ ಮತ್ತು ಲಿಂಕ್ಡ್‌ಇನ್ ನಡುವಿನ ಮೊಕದ್ದಮೆಯನ್ನು. ಆ ಕಥೆಯನ್ನು ಅರ್ಧ ಹೇಳುವ ರೂಢಿಯಿದೆ. ಲಿಂಕ್ಡ್‌ಇನ್ನಿನ ಸಾರ್ವಜನಿಕ ಪ್ರೊಫೈಲುಗಳನ್ನು ಹೆಕ್ಕುತ್ತಿದ್ದ ಹೈಕ್ಯೂ 2017ರಲ್ಲಿ ಕೋರ್ಟಿಗೆ ಹೋಯಿತು. ಲಾಗಿನ್ ಬೇಡದ ಪುಟಗಳನ್ನು ಓದುವುದು ಕಂಪ್ಯೂಟರ್ ಅತಿಕ್ರಮಣದ ಕಾನೂನಿಗೆ ಬಹುಶಃ ಒಳಪಡುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2019ರಲ್ಲೂ 2022ರ ಏಪ್ರಿಲಿನಲ್ಲೂ ಹೇಳಿದ್ದು ನಿಜ. ಅದೇ ವರ್ಷದ ನವೆಂಬರಿನಲ್ಲಿ ಕೆಳ ನ್ಯಾಯಾಲಯ, ಹೈಕ್ಯೂ ಬಳಕೆಯ ಒಪ್ಪಂದವನ್ನು ಮುರಿದಿದೆ ಎಂದಿತು. ಡಿಸೆಂಬರಿನಲ್ಲಿ ರಾಜಿಯಾಗಿ ಹೈಕ್ಯೂ ವಿರುದ್ಧ 5 ಲಕ್ಷ ಡಾಲರಿನ ಆದೇಶವಾಯಿತು. ಅಪರಾಧವಲ್ಲದ್ದು ಒಪ್ಪಂದದ ಉಲ್ಲಂಘನೆಯಾಗಬಹುದು, ಅದೊಂದೇ ಒಂದು ಉದ್ದಿಮೆಯನ್ನು ಮುಗಿಸಲು ಸಾಕು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿಯನ್ನು ಇಳಿಸಿಕೊಳ್ಳುವುದನ್ನೂ ನಕಲಿಸುವುದನ್ನೂ ಪರಿಹಾರ ಕೊಡಬೇಕಾದ ತಪ್ಪುಗಳ ಸಾಲಿನಲ್ಲಿ ಸೇರಿಸಿದೆ. ಅಪ್ರಾಮಾಣಿಕವಾಗಿ ಮಾಡಿದ್ದಾದರೆ 66ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ. ಷರತ್ತಿನಲ್ಲಿ ಸ್ಪಷ್ಟವಾಗಿ ಬೇಡವೆಂದು ಬರೆದಿರುವಾಗ ಅನುಮತಿ ಇತ್ತೆಂದು ವಾದಿಸುವುದು ಸುಲಭವಲ್ಲ.

ಎದುರು ವಾದವೂ ಗಟ್ಟಿಯಾದದ್ದೇ. ಅಧಿಕೃತ ಕಿಂಡಿ ಎಂಬುದು ಕಂಪನಿಯ ಮರ್ಜಿ. ಟ್ವಿಟರ್ 2023ರಲ್ಲಿ ಅಲ್ಲಿಯತನಕ ಇದ್ದ ಉಚಿತ ಎಪಿಐಯನ್ನು ಕಿತ್ತುಕೊಂಡಿತು. ಅದೇ ವರ್ಷ ರೆಡಿಟ್ ದರ ವಿಧಿಸಿದಾಗ ಅಪೊಲೊ ಎಂಬ ಜನಪ್ರಿಯ ಆ್ಯಪ್ ಅದನ್ನು ಭರಿಸಲಾರದೆ ಜೂನ್ 30ಕ್ಕೆ ಮುಚ್ಚಿತು. ನಿಯಮ ಪಾಲಿಸಿದವರೇ ಬೀದಿಗೆ ಬಿದ್ದದ್ದು. ಮೇಲಾಗಿ ಇಡೀ ಜಾಲದ ಪುಟಗಳನ್ನು ಹೆಕ್ಕಿಯೇ ದೊಡ್ಡದಾದ ಗೂಗಲ್, ತನ್ನ ಪುಟಗಳನ್ನು ಹೆಕ್ಕಬೇಡಿ ಎನ್ನುವುದರಲ್ಲಿ ಇಬ್ಬಂದಿತನವಿದೆ. ಪತ್ರಕರ್ತರೂ ಸಂಶೋಧಕರೂ ಸುಳ್ಳು ಸುದ್ದಿಯ ಜಾಡು ಹಿಡಿಯಲು ಪುಟಗಳನ್ನು ಹೆಕ್ಕಬೇಕಾದ ಸಂದರ್ಭಗಳಿವೆ, ಅಲ್ಲಿ ಸಾರ್ವಜನಿಕ ಹಿತದ ತೂಕ ಕಂಪನಿಯ ಷರತ್ತಿಗಿಂತ ಹೆಚ್ಚಿರಬಹುದು. ಯೂಟ್ಯೂಬ್ ವಿಶ್ವವಿದ್ಯಾಲಯಗಳ ಸಂಶೋಧಕರಿಗೆಂದೇ ಪ್ರತ್ಯೇಕ ಯೋಜನೆ ನಡೆಸುತ್ತಿದೆಯಾದರೂ ಎಲ್ಲ ಪ್ರಶ್ನೆಗಳಿಗೂ ಅದು ಸಾಕಾಗದು. ಅಂಥ ನಿರ್ಧಾರವನ್ನು ಸಂಪಾದಕರೂ ವಕೀಲರೂ ಕೂತು, ಪರಿಣಾಮವನ್ನು ಹೊರಲು ಸಿದ್ಧರಾಗಿ ತೆಗೆದುಕೊಳ್ಳಬೇಕು. ತಾಳಮದ್ದಳೆಯ ಬಳಗಕ್ಕೆ ಆ ಹೊರೆಯೂ ಇಲ್ಲ, ಅಂಥ ಹಿತವೂ ಇಲ್ಲ. ಕಿಂಡಿ ಮುಚ್ಚುವಾಗ ಕಂಪನಿ ಪ್ರಕಟಣೆ ಹೊರಡಿಸುತ್ತದೆ, ಅಪೊಲೊ ಮುಚ್ಚುವ ಮುನ್ನ ಬಳಕೆದಾರರಿಗೆ ವಾರಗಳ ಮೊದಲೇ ತಿಳಿಸಲು ಆಯಿತು. ಸ್ಕ್ರೇಪರ್ ನಿಂತಾಗ ಅಷ್ಟು ಕಾಲಾವಕಾಶವೂ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಚಾನೆಲಿನ ಕೆಲಸವನ್ನು ಯಾರಿಗಾದರೂ ವಹಿಸುವ ಮುನ್ನ ಅವರನ್ನು ಇಷ್ಟು ಕೇಳಿ. ಈ ಕೆಲಸಕ್ಕೆ ಎಪಿಐಯ ಯಾವ ವಿಧಾನವನ್ನು ಬಳಸುತ್ತೀರಿ, ಅದರ ಹೆಸರೇನು? ದಿನಕ್ಕೆ ಎಷ್ಟು ಯುನಿಟ್ಟು ಖರ್ಚಾಗುತ್ತದೆ? ಸಿಕ್ಕಿದ್ದನ್ನು ಎಷ್ಟು ದಿನ ಇಡುತ್ತೀರಿ? ಈ ಮೂರಕ್ಕೆ ಉತ್ತರ ಬಾರದೆ, ನಿಮ್ಮ ಕುಕಿ ಕಡತ ಕೊಡಿ ಉಳಿದದ್ದು ನನಗೆ ಬಿಡಿ ಎಂದರೆ, ಕೊಡಬೇಡಿ.